‘ಬಿಳಿ ಅಕ್ಷರದಲ್ಲಿ ಕೀವರ್ಡ್ ತುಂಬಿದರೆ ಇಂಟರ್‌ವ್ಯೂ ಗ್ಯಾರಂಟಿ’ ಎಂಬ ಫಾರ್ವರ್ಡ್ ನಿಜವೇ? ಕೆಲಸದ ಅರ್ಜಿಯನ್ನು ತಂತ್ರಾಂಶ ಓದುವುದು ಹೀಗೆ

ಕೆಲಸ ಹುಡುಕುವವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಸಂದೇಶ ಬೇರೆ ಬೇರೆ ರೂಪದಲ್ಲಿ ಸುತ್ತುತ್ತಲೇ ಇರುತ್ತದೆ. ಅದರ ಸಾರಾಂಶ ಇಷ್ಟು: ‘ನೂರರಲ್ಲಿ 75 ಅರ್ಜಿಗಳನ್ನು ಮನುಷ್ಯರು ನೋಡುವುದೇ ಇಲ್ಲ, ಎಟಿಎಸ್ ಎಂಬ ರೋಬೋಟ್ ಬಿಸಾಡುತ್ತದೆ. ಜಾಹೀರಾತಿನಲ್ಲಿರುವ ಪದಗಳನ್ನೆಲ್ಲ ಕಾಪಿ ಮಾಡಿ, ಬಿಳಿ ಬಣ್ಣ ಕೊಟ್ಟು ಕವರ್ ಲೆಟರ್‌ನ ಕೊನೆಗೆ ಅಂಟಿಸಿ. ಕಣ್ಣಿಗೆ ಕಾಣುವುದಿಲ್ಲ, ರೋಬೋಟ್‌ಗೆ ಕಾಣುತ್ತದೆ.’ ಕೆಲವು ಸಂದೇಶಗಳ ಕೊನೆಯಲ್ಲಿ ಒಂದು ಫೋನ್ ನಂಬರ್ ಕೂಡ ಇರುತ್ತದೆ. ಹಣ ಕೊಟ್ಟರೆ ನಿಮ್ಮ ‘ಎಟಿಎಸ್ ಸ್ಕೋರ್’ ಅನ್ನು 95ಕ್ಕೆ ಏರಿಸಿಕೊಡುತ್ತೇವೆ ಎಂಬ ಭರವಸೆಯೂ ಜೊತೆಗೇ ಬರುತ್ತದೆ.

ಇದರಲ್ಲಿ ನಿಜ ಎಷ್ಟು? ಚುಟುಕಾಗಿ ಹೇಳುವುದಾದರೆ, ತಂತ್ರಾಂಶ ಪದಗಳನ್ನು ಹುಡುಕುತ್ತದೆ ಎಂಬುದು ನಿಜ. 75ರ ಲೆಕ್ಕಕ್ಕೆ ಆಧಾರವಿಲ್ಲ. ಬಿಳಿ ಅಕ್ಷರದ ಉಪಾಯ ನಿಮಗೇ ತಿರುಗುಬಾಣವಾಗಬಹುದು. ಸರಿಯಾದ ಪದ ಸರಿಯಾದ ಜಾಗದಲ್ಲಿ ಒಂದೆರಡು ಸಲ ಇದ್ದರೆ ಸಾಕು. ಅದು ಹೇಗೆ ಎಂದು ಒಂದೊಂದಾಗಿ ನೋಡೋಣ.

75ರ ಲೆಕ್ಕ ಬಂದದ್ದು ಎಲ್ಲಿಂದ?

ಎಟಿಎಸ್ ಅಂದರೆ ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್. ಹೆಸರೇ ಹೇಳುವಂತೆ ಇದರ ಮೂಲ ಕೆಲಸ ಅರ್ಜಿಗಳ ಜಾಡು ಇಟ್ಟುಕೊಳ್ಳುವುದು. ಯಾರು ಅರ್ಜಿ ಹಾಕಿದರು, ಯಾವ ಹುದ್ದೆಗೆ, ಯಾರನ್ನು ಕರೆದೆವು, ಯಾರಿಗೆ ಉತ್ತರ ಕಳಿಸಿಲ್ಲ ಎಂಬುದನ್ನೆಲ್ಲ ಒಂದೇ ಕಡೆ ಇಡುವ ದೊಡ್ಡ ರಿಜಿಸ್ಟರ್ ಅದು. ವರ್ಕ್‌ಡೇ, ಗ್ರೀನ್‌ಹೌಸ್, ಒರಾಕಲ್‌ನ ಟಾಲಿಯೊ, ನಮ್ಮ ದೇಶದ ಜೋಹೊ ರಿಕ್ರೂಟ್ ಇವೆಲ್ಲ ಈ ಜಾತಿಯ ತಂತ್ರಾಂಶಗಳು.

ಇವುಗಳ ಬಗ್ಗೆ ಓಡಾಡುವ 75 ಶೇಕಡಾ ಎಂಬ ಸಂಖ್ಯೆಯ ಬೆನ್ನುಹತ್ತಿ ಹೋದರೆ ಅದು ಪ್ರೆಪ್‌ಟೆಲ್ ಎಂಬ ಅಮೆರಿಕದ ಕಂಪನಿಯೊಂದರ ಬಳಿ ನಿಲ್ಲುತ್ತದೆ. ರೆಸ್ಯುಮೆ ತಿದ್ದಿಕೊಡುವ ಸೇವೆಯನ್ನೇ ಮಾರುತ್ತಿದ್ದ ಆ ಕಂಪನಿ 2013ರಲ್ಲಿ ಮುಚ್ಚಿಹೋಯಿತು. ಸಂಖ್ಯೆಗೆ ಆಧಾರವಾದ ಅಧ್ಯಯನವನ್ನು ಅದು ಪ್ರಕಟಿಸಲಿಲ್ಲ. ಕಂಪನಿ ಹೋದರೂ ಸಂಖ್ಯೆ ಮಾತ್ರ ಫಾರ್ವರ್ಡ್ ಆಗುತ್ತಾ ಉಳಿಯಿತು.

ಹಾಗೆಂದು ತಂತ್ರಾಂಶದಿಂದ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದಲ್ಲ. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸೇರಿ ಅಮೆರಿಕ, ಬ್ರಿಟನ್ ಮತ್ತು ಜರ್ಮನಿಯ ಕಂಪನಿಗಳ ಅಧಿಕಾರಿಗಳನ್ನು ಕೇಳಿದಾಗ, ಅರ್ಹ ಅಭ್ಯರ್ಥಿಗಳು ಸೋಸಿ ಹೋಗುತ್ತಿದ್ದಾರೆ ಎಂದು ಶೇ. 88ರಷ್ಟು ಮಂದಿ ಒಪ್ಪಿಕೊಂಡರು. ಕಾರಣ, ಅವರ ವಿವರಗಳು ಜಾಹೀರಾತಿನ ಮಾನದಂಡಕ್ಕೆ ಅಕ್ಷರಶಃ ಹೊಂದುತ್ತಿರಲಿಲ್ಲ. ಆದರೆ ಆ ಮಾನದಂಡಗಳನ್ನು ಇಟ್ಟವರು ಮನುಷ್ಯರು. ಉದಾಹರಣೆಗೆ, ಆರು ತಿಂಗಳಿಗಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಇದ್ದವರನ್ನು ಪಕ್ಕಕ್ಕಿಡು ಎಂದು ಯಾರೋ ಒಬ್ಬರು ಹೇಳಿಕೊಟ್ಟಿದ್ದರೆ ತಂತ್ರಾಂಶ ಅದನ್ನೇ ಮಾಡುತ್ತದೆ.

ಪತ್ರ ಅಪ್‌ಲೋಡ್ ಆದ ಮೇಲೆ ಏನಾಗುತ್ತದೆ?

ಮೊದಲ ಹಂತದಲ್ಲಿ ತಂತ್ರಾಂಶ ನಿಮ್ಮ ಫೈಲಿನಿಂದ ಬರೀ ಅಕ್ಷರಗಳನ್ನು ಹೊರತೆಗೆಯುತ್ತದೆ. ಬಣ್ಣ, ಫಾಂಟ್, ಗೆರೆ, ಚಿತ್ರ ಎಲ್ಲವೂ ಇಲ್ಲಿ ಕಳಚಿಬೀಳುತ್ತವೆ. ಎರಡನೇ ಹಂತದಲ್ಲಿ ಆ ಅಕ್ಷರಗಳನ್ನು ಹೆಸರು, ಫೋನ್, ಓದು, ಅನುಭವ, ಕೌಶಲ ಎಂಬ ಖಾನೆಗಳಿಗೆ ಹಂಚುತ್ತದೆ. ಮೂರನೇ ಹಂತದಲ್ಲಿ ಎಚ್‌ಆರ್‌ನವರು ಆ ರಾಶಿಯಲ್ಲಿ ಹುಡುಕುತ್ತಾರೆ, ಇಲ್ಲವೇ ತಂತ್ರಾಂಶವೇ ಹೊಂದಾಣಿಕೆ ನೋಡಿ ಅರ್ಜಿಗಳನ್ನು ಮೇಲೆ ಕೆಳಗೆ ಜೋಡಿಸುತ್ತದೆ.

ಮೊದಲ ಹಂತದಲ್ಲೇ ಎಡವಟ್ಟಾಗುವುದು ಹೇಗೆ ಎಂಬುದಕ್ಕೆ ನಮ್ಮ ಕನ್ನಡದಲ್ಲೇ ಒಳ್ಳೆಯ ಉದಾಹರಣೆ ಇದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಿಡಿಎಫ್‌ನಿಂದ ‘ಕನ್ನಡ’ ಎಂಬ ಪದವನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದ್ದೀರಾ? ಅಲ್ಲಿ ಬರುವುದು ಹೀಗೆ:

```
PÀ£ÀßqÀ
```

ನಮ್ಮ ಕಣ್ಣಿಗೆ ಪರದೆಯ ಮೇಲೆ ಕನ್ನಡ ಅಕ್ಷರದ ಆಕಾರ ಕಾಣುತ್ತದೆ. ಆದರೆ ಫೈಲಿನ ಒಳಗೆ ಇರುವುದು ಬೇರೆಯೇ ಸಂಕೇತ. ತಂತ್ರಾಂಶ ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನು ಓದುತ್ತದೆ. ಕನ್ನಡ ಅನುವಾದಕರ ಅಥವಾ ಕಂಟೆಂಟ್ ಬರಹಗಾರರ ಕೆಲಸಕ್ಕೆ ಅರ್ಜಿ ಹಾಕುವವರು ಪತ್ರವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು ಎನ್ನುವುದು ಇದಕ್ಕೇ. ಇಲ್ಲದಿದ್ದರೆ ‘ಕನ್ನಡ’ ಎಂದು ಹುಡುಕಿದವರಿಗೆ ಅವರ ಪತ್ರ ಸಿಗುವುದಿಲ್ಲ.

ಇಂಗ್ಲಿಷ್ ಪತ್ರಗಳಿಗೂ ಇದೇ ಗತಿ ಬರಬಹುದು. ಪ್ರಿಂಟ್ ತೆಗೆದು, ಸಹಿ ಮಾಡಿ, ಮೊಬೈಲಿನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡಿದ ಪತ್ರದಲ್ಲಿ ಅಕ್ಷರಗಳೇ ಇಲ್ಲ, ಅದು ಒಂದು ಚಿತ್ರ ಮಾತ್ರ. ಚಿತ್ರದಿಂದ ಅಕ್ಷರ ಗುರುತಿಸುವ ಸೌಲಭ್ಯ ಕೆಲವು ತಂತ್ರಾಂಶಗಳಲ್ಲಿ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಎರಡು ಕಾಲಂ ಇರುವ ಅಲಂಕಾರದ ಟೆಂಪ್ಲೇಟ್ ಬಳಸಿದರೆ ಎಡಗಡೆಯ ಅರ್ಧ ಸಾಲಿಗೆ ಬಲಗಡೆಯ ಅರ್ಧ ಸಾಲು ಅಂಟಿಕೊಳ್ಳಬಹುದು.

ಕವರ್ ಲೆಟರ್ ಎಲ್ಲಿ ಹೋಗುತ್ತದೆ?

ಫಾರ್ವರ್ಡ್‌ಗಳು ಹೇಳದ ಒಂದು ಮುಖ್ಯ ವಿಷಯ ಇದು. ಬಹಳಷ್ಟು ತಂತ್ರಾಂಶಗಳು ಖಾನೆಗಳಿಗೆ ಹಂಚುವುದು ರೆಸ್ಯುಮೆಯನ್ನು. ಕವರ್ ಲೆಟರ್ ಅರ್ಜಿಗೆ ಲಗತ್ತಿಸಿದ ಇನ್ನೊಂದು ಫೈಲಾಗಿ ಕೂರುತ್ತದೆ. ಕೆಲವು ತಂತ್ರಾಂಶಗಳಲ್ಲಿ ಅದರೊಳಗಿನ ಪದಗಳೂ ಹುಡುಕಾಟಕ್ಕೆ ಸಿಗುತ್ತವೆ, ಕೆಲವದರಲ್ಲಿ ಸಿಗುವುದಿಲ್ಲ. ಯಾವ ಕಂಪನಿಯದು ಯಾವ ಬಗೆ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಆದ್ದರಿಂದ ಮುಖ್ಯ ಕೀವರ್ಡ್ ಪತ್ರದಲ್ಲಿ ಮಾತ್ರ ಇದ್ದರೆ ಸಾಲದು, ರೆಸ್ಯುಮೆಯಲ್ಲೂ ಇರಬೇಕು. ಹಾಗಿದ್ದರೆ ಪತ್ರದಲ್ಲಿ ಅದು ಏಕೆ ಬೇಕು? ರೆಸ್ಯುಮೆಯಲ್ಲಿ ಕೀವರ್ಡ್ ಒಂದು ಪದ ಮಾತ್ರ. ಆ ಪದದ ಹಿಂದೆ ನಿಜವಾದ ಕೆಲಸ ಇದೆಯೇ ಎಂದು ಪತ್ರ ತೋರಿಸುತ್ತದೆ. ತಂತ್ರಾಂಶ ಪತ್ರವನ್ನು ಹುಡುಕಿದರೆ ಪದ ಸಿಗುತ್ತದೆ. ಹುಡುಕದಿದ್ದರೆ, ಪತ್ರ ತೆರೆದ ಮನುಷ್ಯನಿಗೆ ಪುರಾವೆ ಸಿಗುತ್ತದೆ. ಎರಡಕ್ಕೂ ಒಂದೇ ವಾಕ್ಯ ಸಾಕಾಗುವಂತೆ ಬರೆಯಬೇಕು.

ಒಂದು ಉದಾಹರಣೆ: ಅಕೌಂಟ್ಸ್ ಹುದ್ದೆಯ ಅರ್ಜಿ

ಉದಾಹರಣೆಗಾಗಿ ಹುಬ್ಬಳ್ಳಿಯ ಒಬ್ಬ ಬಿ.ಕಾಂ. ಪದವೀಧರೆಯನ್ನು ಕಲ್ಪಿಸಿಕೊಳ್ಳೋಣ. ಎರಡು ವರ್ಷ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಒಂದು ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ. ಜಾಹೀರಾತು ಹೀಗಿದೆ:

```
Accounts Executive, 1-3 years
Tally Prime, GST return filing (GSTR-1, GSTR-3B),
bank reconciliation, TDS, Excel.
Dynamic team player with positive attitude.
```

ಮೊದಲು ಮಾಡಬೇಕಾದದ್ದು ಇದರಲ್ಲಿ ಕೀವರ್ಡ್ ಯಾವುದು, ಅಲಂಕಾರ ಯಾವುದು ಎಂದು ಬೇರ್ಪಡಿಸುವುದು. ಕೊನೆಯ ಸಾಲಿನ ಡೈನಮಿಕ್, ಟೀಮ್ ಪ್ಲೇಯರ್, ಪಾಸಿಟಿವ್ ಎಂಬವನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಎಲ್ಲರ ಅರ್ಜಿಯಲ್ಲೂ ಅವು ಇರುತ್ತವೆ. ಹುಡುಕುವವರು ಟೈಪ್ ಮಾಡುವುದು ಹೆಸರುಳ್ಳ ವಸ್ತುಗಳನ್ನು: ತಂತ್ರಾಂಶದ ಹೆಸರು, ರಿಟರ್ನ್‌ನ ಹೆಸರು, ಕೆಲಸದ ಹೆಸರು. ಇಂಥ ಹುದ್ದೆಗೆ ಹುಡುಕಾಟ ಹೀಗಿರಬಹುದು:

```
"Tally Prime" AND ("GSTR-3B" OR "GST return") AND reconciliation
```

ಇದರ ಅರ್ಥ ಸರಳ. ‘ಟ್ಯಾಲಿ ಪ್ರೈಮ್’ ಇರಲೇಬೇಕು. ಜಿಎಸ್‌ಟಿಯ ಎರಡು ಪದಗಳಲ್ಲಿ ಒಂದಾದರೂ ಇರಬೇಕು. ‘ರಿಕನ್ಸಿಲಿಯೇಶನ್’ ಇರಲೇಬೇಕು.

ಈಗ ನಮ್ಮ ಅಭ್ಯರ್ಥಿಯ ಮೊದಲ ಕರಡು ನೋಡಿ. ನಿಜವಾದ ಪತ್ರ ಇಂಗ್ಲಿಷಿನಲ್ಲಿರುತ್ತದೆ. ಅರ್ಥವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟು, ಟೈಪ್ ಮಾಡುವ ಕೀವರ್ಡ್‌ಗಳನ್ನು ಇದ್ದಂತೆಯೇ ಇಟ್ಟಿದ್ದೇನೆ.

‘ನಾನು Tally ಮತ್ತು GST ಕೆಲಸವನ್ನು ಎರಡು ವರ್ಷ ಮಾಡಿದ್ದೇನೆ. BRS ಕೂಡ ನೋಡಿಕೊಳ್ಳುತ್ತಿದ್ದೆ. ತಾವು ಒಂದು ಅವಕಾಶ ಕೊಟ್ಟರೆ ಶ್ರದ್ಧೆಯಿಂದ ದುಡಿಯುತ್ತೇನೆ.’

ಇವರಿಗೆ ಕೆಲಸ ಚೆನ್ನಾಗಿ ಗೊತ್ತು. ಆದರೂ ಮೇಲಿನ ಹುಡುಕಾಟಕ್ಕೆ ಈ ಬರಹ ಸಿಗುವುದಿಲ್ಲ. ‘ಟ್ಯಾಲಿ’ ಇದೆ, ‘ಟ್ಯಾಲಿ ಪ್ರೈಮ್’ ಇಲ್ಲ. ಜಿಎಸ್‌ಟಿ ಇದೆ, ರಿಟರ್ನ್ ಇಲ್ಲ. ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟನ್ನು ನಮ್ಮ ಕಚೇರಿಗಳಲ್ಲಿ ಎಲ್ಲರೂ ‘ಬಿಆರ್‌ಎಸ್’ ಎನ್ನುತ್ತಾರೆ. ಆದರೆ ಆ ಮೂರಕ್ಷರವೂ ‘ರಿಕನ್ಸಿಲಿಯೇಶನ್’ ಎಂಬ ಪದವೂ ಒಂದೇ ಎಂದು ಪ್ರತಿ ತಂತ್ರಾಂಶಕ್ಕೂ ಗೊತ್ತಿರುತ್ತದೆ ಎನ್ನುವಂತಿಲ್ಲ. ಸೋಸಿ ಹೋಗುವ ಅರ್ಹರು ಎಂದರೆ ಇಂಥವರೇ.

ಇದನ್ನು ಕಂಡು ಭಯಗೊಂಡು ಫಾರ್ವರ್ಡ್‌ನ ಸಲಹೆ ಪಾಲಿಸಿದರೆ ಎರಡನೇ ಕರಡು ಹೀಗಾಗುತ್ತದೆ:

‘Tally Prime ಪರಿಣತಿ, GST return filing ಪರಿಣತಿ, GSTR-1 ಮತ್ತು GSTR-3B ಪರಿಣತಿ, bank reconciliation ಪರಿಣತಿ, TDS ಪರಿಣತಿ, Excel ಪರಿಣತಿ ಇರುವ dynamic team player ಆದ ನಾನು, ನಿಮ್ಮ Tally Prime ಮತ್ತು GST return filing ಹುದ್ದೆಗೆ ಸೂಕ್ತಳು.’

ಹುಡುಕಾಟಕ್ಕೆ ಇದು ಸಿಗುತ್ತದೆ. ಆದರೆ ತೆರೆದು ಓದಿದವರಿಗೆ ಏನೂ ಸಿಗುವುದಿಲ್ಲ. ಜಾಹೀರಾತನ್ನೇ ತಿರುಗಿಸಿ ಕಳಿಸಿದ್ದಾರೆ ಎಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಮೂರನೇ ದಾರಿ ಇದೆ. ಪ್ರತಿ ಕೀವರ್ಡ್‌ಗೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ‘ಇದನ್ನು ನಾನು ಯಾರಿಗಾಗಿ, ಎಷ್ಟು, ಯಾವಾಗ ಮಾಡಿದೆ?’ ಉತ್ತರವೇ ವಾಕ್ಯವಾಗುತ್ತದೆ.

‘ಎರಡು ವರ್ಷಗಳಿಂದ 18 ಸಣ್ಣ ವ್ಯಾಪಾರಿಗಳ ಲೆಕ್ಕವನ್ನು Tally Prime ನಲ್ಲಿ ನಿರ್ವಹಿಸುತ್ತಿದ್ದೇನೆ. ಅವರ GST return filing ನನ್ನ ಹೊಣೆ: ಪ್ರತಿ ತಿಂಗಳು 11ರೊಳಗೆ GSTR-1, 20ರೊಳಗೆ GSTR-3B. ಸಲ್ಲಿಸುವ ಮೊದಲು ಖರೀದಿ ಬಿಲ್ಲುಗಳನ್ನು GSTR-2B ಜೊತೆ ತಾಳೆ ನೋಡುತ್ತೇನೆ. ಪ್ರತಿ ವಾರ bank reconciliation ಮಾಡುವುದರಿಂದ ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ಉಳಿಯುವುದಿಲ್ಲ. TDS ರಿಟರ್ನ್ ನಾನೇ ಸಲ್ಲಿಸಿಲ್ಲ. ಅದಕ್ಕೆ ಬೇಕಾದ ಪಟ್ಟಿಯನ್ನು Excel ನಲ್ಲಿ ಸಿದ್ಧಪಡಿಸಿ ಕೊಡುತ್ತೇನೆ.’

ಜಾಹೀರಾತಿನ ಎಲ್ಲ ಕೀವರ್ಡ್‌ಗಳೂ ಇಲ್ಲಿವೆ, ಪ್ರತಿಯೊಂದೂ ಒಂದೇ ಸಲ. ಆದರೂ ತುರುಕಿದಂತೆ ಅನ್ನಿಸುವುದಿಲ್ಲ. ಕಾರಣ, ಪ್ರತಿ ಪದಕ್ಕೂ ಒಂದು ಕ್ರಿಯೆ ಮತ್ತು ಒಂದು ಅಳತೆ ಜೊತೆಗಿದೆ. ಜಾಹೀರಾತಿನಲ್ಲಿ ಇಲ್ಲದ ಜಿಎಸ್‌ಟಿಆರ್-2ಬಿ ತಾನಾಗಿ ಬಂದಿದೆ. ಕೆಲಸ ಮಾಡಿದವರಿಗೆ ಮಾತ್ರ ಆ ಹಂತ ನೆನಪಾಗುತ್ತದೆ, ಅಕೌಂಟ್ಸ್ ಮುಖ್ಯಸ್ಥರು ಗಮನಿಸುವುದೂ ಅದನ್ನೇ. ಟಿಡಿಎಸ್ ವಿಷಯದಲ್ಲಿ ತಾವು ಮಾಡಿದ್ದಷ್ಟನ್ನೇ ಹೇಳಿದ್ದಾರೆ. ಪದವೂ ಬಂತು, ಇಂಟರ್‌ವ್ಯೂನಲ್ಲಿ ‘ಟಿಡಿಎಸ್ ರಿಟರ್ನ್ ಹೇಗೆ ಸಲ್ಲಿಸುತ್ತೀರಿ?’ ಎಂದು ಕೇಳಿದಾಗ ತಡವರಿಸುವ ಸಂದರ್ಭವೂ ತಪ್ಪಿತು.

ಪದರೂಪದ ಬಗ್ಗೆ ಎರಡು ಮಾತು. ಜಾಹೀರಾತು ಯಾವ ರೂಪ ಬಳಸಿದೆಯೋ ಅದನ್ನೇ ಒಮ್ಮೆ ಬಳಸಿ. ಅಲ್ಲಿ `filing` ಇದ್ದು ನೀವು `filed` ಎಂದು ಬರೆದರೆ ಎರಡನ್ನೂ ಒಂದೇ ಎಂದು ಎಣಿಸುವ ತಂತ್ರಾಂಶಗಳಿವೆ, ಎಣಿಸದವೂ ಇವೆ. ಹಾಗೆಯೇ ಸಂಕ್ಷಿಪ್ತ ರೂಪ ಮತ್ತು ಪೂರ್ಣ ಹೆಸರು ಎರಡೂ ಚಾಲ್ತಿಯಲ್ಲಿದ್ದರೆ ಒಂದನ್ನು ಪತ್ರದಲ್ಲೂ ಇನ್ನೊಂದನ್ನು ರೆಸ್ಯುಮೆಯಲ್ಲೂ ಬಿಡಬೇಡಿ. ರೆಸ್ಯುಮೆಯಲ್ಲೇ ಎರಡೂ ಒಂದೊಂದು ಸಲ ಬರಲಿ.

ಹೆಚ್ಚು ಸಲ ಬರೆದರೆ ಹೆಚ್ಚು ಅಂಕವೇ?

ಮೇಲೆ ನೋಡಿದಂಥ ಹುಡುಕಾಟದಲ್ಲಿ ಉತ್ತರ ಇದೆ ಅಥವಾ ಇಲ್ಲ ಎಂದಷ್ಟೇ. ಪದ ಒಂದು ಸಲ ಇದ್ದರೂ ಹತ್ತು ಸಲ ಇದ್ದರೂ ಫಲಿತಾಂಶ ಒಂದೇ.

ಅಂಕ ಕೊಟ್ಟು ಜೋಡಿಸುವ ವ್ಯವಸ್ಥೆಗಳಲ್ಲೂ ಪುನರಾವರ್ತನೆಯ ಲಾಭ ಬೇಗ ಕರಗುತ್ತದೆ. ಹುಡುಕಾಟದ ತಂತ್ರಾಂಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ `BM25` ಎಂಬ ಸೂತ್ರವನ್ನೇ ನೋಡಿ. ಸಾಮಾನ್ಯ ಹೊಂದಿಕೆಯಲ್ಲಿ, ಸರಾಸರಿ ಉದ್ದದ ಬರಹದಲ್ಲಿ ಪದ ಒಂದು ಸಲ ಬಂದರೆ 1 ಅಂಕ ಎಂದುಕೊಳ್ಳಿ. ಎರಡು ಸಲ ಬಂದರೆ ಸುಮಾರು 1.4. ಹತ್ತು ಸಲ ಬಂದರೂ 2ನ್ನು ಮುಟ್ಟುವುದಿಲ್ಲ. ಎಷ್ಟೇ ಸಲ ಬರೆದರೂ 2.2 ದಾಟುವುದಿಲ್ಲ. ಜೊತೆಗೆ ಬರಹ ಉದ್ದವಾದಷ್ಟೂ ಪ್ರತಿ ಪದದ ತೂಕವನ್ನು ಸೂತ್ರ ಕಡಿಮೆ ಮಾಡುತ್ತದೆ. ಅಂದರೆ ತುರುಕಿದ ಪದಗಳು ಉಳಿದ ಪದಗಳ ಬೆಲೆಯನ್ನೂ ಇಳಿಸುತ್ತವೆ. ಸಾಂಬಾರಿಗೆ ಒಂದು ಚಿಟಿಕೆ ಇಂಗು ಹಾಕಿದಾಗ ಬರುವ ಘಮ, ಹತ್ತು ಚಿಟಿಕೆ ಹಾಕಿದರೆ ಹತ್ತು ಪಟ್ಟು ಆಗುವುದಿಲ್ಲ. ಸಾಂಬಾರೇ ಕೆಡುತ್ತದೆ.

ಬಿಳಿ ಅಕ್ಷರದ ಉಪಾಯ ಏಕೆ ಕೆಡುತ್ತದೆ?

ಬಣ್ಣ ಮೊದಲ ಹಂತದಲ್ಲೇ ಕಳಚಿಬೀಳುತ್ತದೆ ಎಂದು ನೋಡಿದೆವಲ್ಲ. ಅಡಗಿಸಿಟ್ಟ ಪದಗಳು ಹೊರಬರುವುದೂ ಅಲ್ಲೇ. ತಂತ್ರಾಂಶ ಹೊರತೆಗೆದ ಬರಹವನ್ನು ಎಚ್‌ಆರ್‌ನವರು ತೆರೆದರೆ ನೀವು ಅಡಗಿಸಿದ ಇಡೀ ಜಾಹೀರಾತು ಕಪ್ಪು ಅಕ್ಷರದಲ್ಲಿ ಎದುರಿಗೆ ನಿಲ್ಲುತ್ತದೆ. ಪಿಡಿಎಫ್‌ನಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿದರೂ ಖಾಲಿ ಜಾಗ ನೀಲಿಯಾಗಿ ಹೊಳೆಯುತ್ತದೆ. ಅಲ್ಲಿಯವರೆಗೆ ಸಾಮಾನ್ಯ ಅಭ್ಯರ್ಥಿಯಾಗಿದ್ದವರು ಆ ಕ್ಷಣದಿಂದ ಮೋಸಕ್ಕೆ ಪ್ರಯತ್ನಿಸಿದವರಾಗುತ್ತಾರೆ. ನಿಜಕ್ಕೂ ಅರ್ಹತೆ ಇದ್ದವರಿಗೆ ಇದು ತಾವೇ ಮಾಡಿಕೊಂಡ ನಷ್ಟ.

ಹಣ ಪಡೆದು ‘ಎಟಿಎಸ್ ಸ್ಕೋರ್’ ಕೊಡುವವರ ವಿಷಯವೂ ತಿಳಿದಿರಲಿ. ಎಲ್ಲ ಕಂಪನಿಗಳಿಗೂ ಅನ್ವಯಿಸುವ ಒಂದೇ ಸ್ಕೋರ್ ಎಂಬುದು ಇಲ್ಲ. ಆ ವೆಬ್‌ಸೈಟು ತನ್ನದೇ ಸೂತ್ರದಲ್ಲಿ ನಿಮ್ಮ ಪತ್ರವನ್ನು ಅಳೆದು ಅಂಕ ಹೇಳುತ್ತದೆ. ನೀವು ಅರ್ಜಿ ಹಾಕುವ ಕಂಪನಿಯ ತಂತ್ರಾಂಶಕ್ಕೆ ಆ ಅಂಕ ಗೊತ್ತೇ ಇರುವುದಿಲ್ಲ. ಜಾಹೀರಾತಿನ ಯಾವ ಪದ ಬಿಟ್ಟುಹೋಗಿದೆ ಎಂದು ನೋಡಿಕೊಳ್ಳಲು ಅಂಥ ಸೈಟು ಉಪಯೋಗಕ್ಕೆ ಬರಬಹುದು. ಆದರೆ ಆ ಕೆಲಸವನ್ನು ಪೆನ್ನು ಹಿಡಿದು ನೀವೇ ಮಾಡಿಕೊಳ್ಳಬಹುದು.

ಫೋನಿನಲ್ಲೇ ಒಂದು ನಿಮಿಷದ ಪರೀಕ್ಷೆ

ತಂತ್ರಾಂಶಕ್ಕೆ ನಿಮ್ಮ ಪತ್ರ ಹೇಗೆ ಕಾಣುತ್ತದೆ ಎಂದು ತಿಳಿಯಲು ಹಣ ಬೇಕಿಲ್ಲ. ಪಿಡಿಎಫ್ ತೆರೆದು, ಎಲ್ಲ ಬರಹವನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಸಂದೇಶ ಕಳಿಸುವ ಚಾಟ್ ತೆರೆದು ಅಲ್ಲಿ ಅಂಟಿಸಿ. ತಂತ್ರಾಂಶದ ಕೈಗೆ ಸಿಗುವುದು ಹೆಚ್ಚು ಕಡಿಮೆ ಇದೇ.

* ಸೆಲೆಕ್ಟ್ ಮಾಡಲು ಅಕ್ಷರಗಳೇ ಸಿಗದಿದ್ದರೆ ನಿಮ್ಮ ಪತ್ರ ಒಂದು ಚಿತ್ರ. ವರ್ಡ್ ಅಥವಾ ಗೂಗಲ್ ಡಾಕ್ಸ್‌ನಿಂದ ನೇರವಾಗಿ ಪಿಡಿಎಫ್ ಮಾಡಿ.
* ಸಾಲುಗಳು ಒಂದರೊಳಗೊಂದು ಕಲಸಿದ್ದರೆ ಕಾಲಂ ತೆಗೆದು ಒಂದೇ ಪಟ್ಟಿಯಲ್ಲಿ ಬರೆಯಿರಿ.
* ಹೆಸರು, ಫೋನ್ ನಂಬರ್ ಕಾಣದಿದ್ದರೆ ಅವು ಚಿತ್ರದೊಳಗೆ ಇರಬಹುದು. ಪತ್ರದ ಮೈಯೊಳಗೆ ತನ್ನಿ.
* ಕೀವರ್ಡ್‌ಗಳನ್ನು ಒಂದೊಂದಾಗಿ ಓದಿ. ಕೆಲವು ಅಲಂಕಾರದ ಫಾಂಟುಗಳು `f` ಮತ್ತು `i` ಅಕ್ಷರಗಳನ್ನು ಕೂಡಿಸಿ ಒಂದೇ ಗುರುತಾಗಿ ಬರೆಯುತ್ತವೆ. ಆಗ `filing` ಎಂಬುದು `fling` ಆಗಿಯೋ `ling` ಆಗಿಯೋ ಹೊರಬರಬಹುದು. ಹಾಗಾದರೆ ಏರಿಯಲ್‌ನಂಥ ಸಾಮಾನ್ಯ ಫಾಂಟಿಗೆ ಬದಲಿಸಿ ಮತ್ತೆ ಪರೀಕ್ಷಿಸಿ.

ಕೀವರ್ಡ್ ಮಾಡಲಾಗದ ಕೆಲಸ

ಮನುಷ್ಯರ ಕಣ್ಣಿಗೆ ಬೀಳದೆ ಅರ್ಜಿ ತಾನಾಗಿ ತಿರಸ್ಕಾರವಾಗುವುದು ಹೆಚ್ಚಾಗಿ ಪತ್ರದಿಂದಲ್ಲ, ಅರ್ಜಿ ಹಾಕುವಾಗ ಕೇಳುವ ಪ್ರಶ್ನೆಗಳಿಂದ. ಎಷ್ಟು ವರ್ಷ ಅನುಭವ, ನೋಟಿಸ್ ಅವಧಿ ಎಷ್ಟು, ಬೆಂಗಳೂರಿಗೆ ಬರಲು ಒಪ್ಪಿಗೆಯೇ, ನಿರೀಕ್ಷಿಸುವ ಸಂಬಳ ಎಷ್ಟು ಎಂಬ ಪೆಟ್ಟಿಗೆಗಳಿರುತ್ತವಲ್ಲ, ಅವೇ. ಕನಿಷ್ಠ ಒಂದು ವರ್ಷ ಅನುಭವ ಬೇಕು ಎಂದು ಕಂಪನಿ ನಿಯಮ ಇಟ್ಟಿದ್ದು, ನೀವು ಅವಸರದಲ್ಲಿ 0 ಎಂದು ತುಂಬಿದರೆ, ಪತ್ರದಲ್ಲಿ ಎರಡು ವರ್ಷ ಎಂದು ಬರೆದಿದ್ದರೂ ಅರ್ಜಿ ಪಕ್ಕಕ್ಕೆ ಹೋಗಬಹುದು. ಬಹಳ ಜನ ಪತ್ರಕ್ಕೆ ಒಂದು ದಿನ ಕೊಟ್ಟು, ಈ ಪೆಟ್ಟಿಗೆಗಳಿಗೆ ಒಂದು ನಿಮಿಷ ಕೊಡುತ್ತಾರೆ. ಅವನ್ನು ಎರಡು ಸಲ ಓದಿ ತುಂಬಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

* ‘ಶೇ. 75 ಅರ್ಜಿಗಳನ್ನು ರೋಬೋಟ್ ಬಿಸಾಡುತ್ತದೆ’: ಆಧಾರವಿಲ್ಲ.
* ‘ಜಾಹೀರಾತಿನ ಪದಗಳು ಅರ್ಜಿಯಲ್ಲಿ ಇರಬೇಕು’: ನಿಜ. ಕೆಲಸದ ಮತ್ತು ತಂತ್ರಾಂಶದ ಹೆಸರುಗಳು ಜಾಹೀರಾತಿನ ರೂಪದಲ್ಲೇ, ರೆಸ್ಯುಮೆ ಮತ್ತು ಪತ್ರ ಎರಡರಲ್ಲೂ ಇರಲಿ.
* ‘ಹೆಚ್ಚು ಸಲ ಬರೆದರೆ ಒಳ್ಳೆಯದು’: ತಪ್ಪು. ಒಂದು ಸಲ, ಮಾಡಿದ ಕೆಲಸ ಮತ್ತು ಅಳತೆಯ ಜೊತೆ ಬರೆದರೆ ಸಾಕು.
* ‘ಬಿಳಿ ಅಕ್ಷರದಲ್ಲಿ ಅಡಗಿಸಿ’: ತಪ್ಪು. ತಂತ್ರಾಂಶ ಬಣ್ಣ ತೆಗೆದು ತೋರಿಸುತ್ತದೆ.
* ಕಳಿಸುವ ಮೊದಲು ಪಿಡಿಎಫ್‌ನಿಂದ ಕಾಪಿ ಮಾಡಿ ನಿಮ್ಮದೇ ಚಾಟ್‌ಗೆ ಅಂಟಿಸಿ ನೋಡಿ. ಅಲ್ಲಿ ಓದಲು ಬಂದರೆ ತಂತ್ರಾಂಶಕ್ಕೂ ಸಾಮಾನ್ಯವಾಗಿ ಓದಲು ಬರುತ್ತದೆ.